ಲ್ಯಾಪ್‌ಟಾಪ್‌ನಲ್ಲಿ ಕೇಳುವ ಭಾಷಣ ಫೋನ್‌ನಲ್ಲಿ ಮಾಯ! ರೆಕಾರ್ಡಿಂಗ್ ಡಿಲೀಟ್ ಮಾಡುವ ಮುನ್ನ ಈ ಮೊನೊ-ಸ್ಟೀರಿಯೊ ಲೆಕ್ಕ ತಿಳಿಯಿರಿ

ಡೊಂಬಿವಲಿ: ಭಾನುವಾರ ಸಂಜೆಯ ಕಾರ್ಯಕ್ರಮ. ಹಿರಿಯ ವಿದ್ವಾಂಸರೊಬ್ಬರು ಒಂದೂಕಾಲು ಗಂಟೆ ಮಾತನಾಡಿದ್ದಾರೆ. ಹಾಲ್‌ನ ಮಿಕ್ಸರ್‌ನಿಂದ ನೇರವಾಗಿ ಕ್ಯಾಮೆರಾಕ್ಕೆ ವೈರ್ ಕೊಟ್ಟು ರೆಕಾರ್ಡ್ ಮಾಡಲಾಗಿದೆ. ರಾತ್ರಿ ಮನೆಗೆ ಬಂದು ಹೆಡ್‌ಫೋನ್ ಹಾಕಿ ಪರೀಕ್ಷಿಸಿದರೆ ಧ್ವನಿ ಚೆನ್ನಾಗಿಯೇ ಇದೆ. ವಿಡಿಯೊ ಅಪ್‌ಲೋಡ್ ಆಗುತ್ತದೆ, ಲಿಂಕ್ ಗ್ರೂಪ್‌ಗಳಿಗೆ ಹೋಗುತ್ತದೆ. ಮರುದಿನ ಬೆಳಗ್ಗೆ ಕಲ್ಯಾಣದಿಂದ ಫೋನ್ ಬರುತ್ತದೆ: "ಎಂತ ಮಾರಾಯ್ರೆ, ಬಾಯಿ ಮಾತ್ರ ಆಡುತ್ತದೆ, ಧ್ವನಿಯೇ ಇಲ್ಲವಲ್ಲ?" ವಾಶಿಯಲ್ಲಿರುವ ಇನ್ನೊಬ್ಬರಿಗೆ ಮಾತ್ರ ಯಾವ ತೊಂದರೆಯೂ ಇಲ್ಲ, ಪೂರ್ತಿ ಕೇಳಿದ್ದೇನೆ ಎನ್ನುತ್ತಾರೆ.

ಇದು ಕಾಲ್ಪನಿಕ ಸಂದರ್ಭ. ಆದರೆ ಮಿಕ್ಸರ್‌ನಿಂದ ಕ್ಯಾಮೆರಾಕ್ಕೆ ವೈರ್ ಎಳೆಯುವ ಯಾವ ಸಭಾಂಗಣದಲ್ಲಾದರೂ ಹೀಗೆ ಆಗಬಹುದು. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಬರುವ ತೀರ್ಮಾನ ಒಂದೇ, ಫೈಲ್ ಹಾಳಾಗಿದೆ ಎಂದು. ವಾಸ್ತವದಲ್ಲಿ ಫೈಲ್‌ನಲ್ಲಿ ಭಾಷಣದ ಒಂದಕ್ಷರವೂ ಕಳೆದುಹೋಗಿರುವುದಿಲ್ಲ. ಎಡ ಚಾನೆಲ್ ಮತ್ತು ಬಲ ಚಾನೆಲ್ ಒಂದಕ್ಕೊಂದು ಹೊಡೆದುಕೊಂಡು ಸೊನ್ನೆಯಾಗಿವೆ, ಅಷ್ಟೇ. ಬಿಡಿಸಿ ನೋಡಿದರೆ ಪೂರ್ತಿ ಭಾಷಣ ವಾಪಸ್ ಸಿಗುತ್ತದೆ. ಹೇಗೆ ಎಂಬುದು ಇಲ್ಲಿದೆ.

ಒಬ್ಬರ ಮಾತಿಗೆ ಎರಡು ಚಾನೆಲ್ ಯಾಕೆ?

ಮೊನೊ ಎಂದರೆ ಒಂದೇ ಚಾನೆಲ್‌ನ ಧ್ವನಿ. ಎರಡು ಸ್ಪೀಕರ್ ಇದ್ದರೂ ಎರಡರಲ್ಲಿ ಬರುವುದು ಅದೇ. ಸ್ಟೀರಿಯೊದಲ್ಲಿ ಎಡಕ್ಕೆ ಒಂದು, ಬಲಕ್ಕೆ ಒಂದು ಎಂದು ಎರಡು ಪ್ರತ್ಯೇಕ ಧ್ವನಿಗಳಿರುತ್ತವೆ. ಆ ಎರಡರ ನಡುವಿನ ವ್ಯತ್ಯಾಸದಿಂದಲೇ ಚೆಂಡೆ ಬಲಗಡೆ ಇದೆ, ಭಾಗವತರು ನಡುವೆ ಇದ್ದಾರೆ ಎಂಬ ಅನುಭವ ಕಿವಿಗೆ ಸಿಗುವುದು. ಬ್ರಿಟಿಷ್ ಎಂಜಿನಿಯರ್ ಅಲನ್ ಬ್ಲಮ್ಲೀನ್ 1931ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು.

ಆದರೆ ಮನುಷ್ಯನಿಗೆ ಬಾಯಿ ಒಂದೇ. ಒಬ್ಬರು ಒಂದು ಮೈಕ್ ಮುಂದೆ ಮಾತನಾಡುವಾಗ ಎಡ-ಬಲ ಎಂಬ ವ್ಯತ್ಯಾಸವೇ ಇರುವುದಿಲ್ಲ. ಆ ಮಾತನ್ನು ಸ್ಟೀರಿಯೊ ಫೈಲ್‌ನಲ್ಲಿ ಇಟ್ಟರೆ ಒಂದೇ ಮಾತನ್ನು ಎರಡು ಸಲ ಬರೆದಿಟ್ಟ ಹಾಗಾಗುತ್ತದೆ. 48 ಕಿಲೊಹರ್ಟ್ಸ್, 16 ಬಿಟ್‌ನ ಡಬ್ಲ್ಯುಎವಿ ಫೈಲ್ ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 690 ಎಂಬಿ ತೆಗೆದುಕೊಂಡರೆ ಮೊನೊದಲ್ಲಿ 345 ಎಂಬಿ ಸಾಕು.

ಜಾಗದ ಉಳಿತಾಯ ಇಲ್ಲಿ ದೊಡ್ಡ ವಿಷಯವಲ್ಲ. ಕೇಳುವವರು ಹೇಗೆ ಕೇಳುತ್ತಾರೆ ಎಂಬುದು ದೊಡ್ಡ ವಿಷಯ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತಿದವರು ಒಂದು ಕಿವಿಗೆ ಮಾತ್ರ ಇಯರ್‌ಬಡ್ ಹಾಕಿಕೊಂಡು, ಇನ್ನೊಂದು ಕಿವಿಯನ್ನು ಸ್ಟೇಷನ್ ಹೆಸರು ಕೇಳಲು ಖಾಲಿ ಬಿಟ್ಟಿರುತ್ತಾರೆ. ಅಡುಗೆಮನೆಯಲ್ಲಿ ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ಕೇಳುವವರಿದ್ದಾರೆ. ಚಿಕ್ಕ ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡವರಿದ್ದಾರೆ. ಒಂದೇ ಸ್ಪೀಕರ್ ಇರುವ ಫೋನ್ ಅಥವಾ ಬ್ಲೂಟೂತ್ ಡಬ್ಬಿ ಸ್ಟೀರಿಯೊ ಫೈಲ್ ಸಿಕ್ಕಾಗ ಎಡ ಮತ್ತು ಬಲವನ್ನು ಕೂಡಿಸಿ ಒಂದು ಮಾಡಿ ನುಡಿಸುತ್ತದೆ. ಇದಕ್ಕೆ ಡೌನ್‌ಮಿಕ್ಸ್ ಎನ್ನುತ್ತಾರೆ. ಅಂದರೆ ನೀವು ಮೊನೊ ಮಾಡದಿದ್ದರೂ ಕೇಳುಗರ ಫೋನ್ ನಿಮ್ಮ ಪರವಾಗಿ ಮಾಡಿಬಿಡುತ್ತದೆ. ಅದು ಸರಿಯಾಗಿ ಆಯಿತೇ ಎಂದು ನೋಡಲು ನೀವು ಅಲ್ಲಿರುವುದಿಲ್ಲ.

ಮೇಲಿನ ಉದಾಹರಣೆಯಲ್ಲಿ ವಾಶಿಯವರು ಕೇಳಿದ್ದು ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಕಲ್ಯಾಣದವರು ಕೇಳಿದ್ದು ಫೋನ್‌ನ ಒಂಟಿ ಸ್ಪೀಕರ್‌ನಲ್ಲಿ. ಇಬ್ಬರಿಗೂ ಸಿಕ್ಕಿದ್ದು ಒಂದೇ ಫೈಲ್.

ಕೂಡಿಸಿದರೆ ಸೊನ್ನೆ ಆಗುವುದು ಹೇಗೆ?

ಧ್ವನಿ ಎಂದರೆ ಗಾಳಿಯ ತಳ್ಳಾಟ. ಸ್ಪೀಕರ್‌ನ ಪರದೆ ಒಮ್ಮೆ ಮುಂದೆ ಬರುತ್ತದೆ, ಒಮ್ಮೆ ಹಿಂದೆ ಹೋಗುತ್ತದೆ. ರೆಕಾರ್ಡಿಂಗ್‌ನಲ್ಲಿ ಇದು ಪ್ಲಸ್ ಮತ್ತು ಮೈನಸ್ ಅಂಕಿಗಳಾಗಿ ದಾಖಲಾಗುತ್ತದೆ. ಒಂದು ಕ್ಷಣದಲ್ಲಿ ಎಡ ಚಾನೆಲ್ +5 ಇದ್ದು ಬಲ ಚಾನೆಲ್ಲೂ +5 ಇದ್ದರೆ ಕೂಡಿಸಿ ಎರಡರಿಂದ ಭಾಗಿಸಿದಾಗ 5 ಉಳಿಯುತ್ತದೆ, ಧ್ವನಿ ಹಾಗೇ ಇರುತ್ತದೆ. ಬಲ ಚಾನೆಲ್ ತಲೆಕೆಳಗಾಗಿ -5 ಆಗಿದ್ದರೆ ಕೂಡಿಸಿದಾಗ ಸಿಗುವುದು ಸೊನ್ನೆ. ಇಡೀ ಭಾಷಣದುದ್ದಕ್ಕೂ ಪ್ರತಿ ಕ್ಷಣವೂ ಹೀಗೇ ಆದರೆ ಇಡೀ ಭಾಷಣ ಸೊನ್ನೆ.

ಹೆಡ್‌ಫೋನ್‌ನಲ್ಲಿ ಎಡ ಮತ್ತು ಬಲ ಎಲ್ಲೂ ಕೂಡುವುದಿಲ್ಲ, ಒಂದೊಂದು ಕಿವಿಗೆ ಒಂದೊಂದು ಹೋಗುತ್ತದೆ. ಕಿವಿಯೊಂದಕ್ಕೆ ತಲೆಕೆಳಗಾದ ಧ್ವನಿಯೂ ಮಾಮೂಲಿ ಧ್ವನಿಯಂತೆಯೇ ಕೇಳಿಸುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಆದರೆ ಗಮನವಿಟ್ಟು ಕೇಳಿದರೆ ಒಂದು ಸುಳಿವು ಸಿಗುತ್ತದೆ. ಸರಿಯಾದ ಮೊನೊ ಧ್ವನಿ ತಲೆಯ ನಡುಮಧ್ಯೆ ಕುಳಿತಂತೆ ಕೇಳಿಸುತ್ತದೆ. ತಲೆಕೆಳಗಾದದ್ದು ನಡುವೆ ಎಲ್ಲೂ ಇರದೆ ಎರಡೂ ಕಿವಿಗಳ ಹೊರಗೆ ಹರಡಿಕೊಂಡಂತೆ ಅನಿಸುತ್ತದೆ, ಸ್ವಲ್ಪ ಹೊತ್ತಿಗೆ ಕಿರಿಕಿರಿಯಾಗುತ್ತದೆ. ಕೆಲವರು ಇದನ್ನೇ "ಎಫೆಕ್ಟ್ ಚೆನ್ನಾಗಿದೆ" ಎಂದು ಹೊಗಳುವುದೂ ಉಂಟು!

ಇದೇ ಕಾರಣಕ್ಕೆ ರೇಡಿಯೊದವರು ಮೊನೊ ಪರೀಕ್ಷೆಯನ್ನು ಬಿಡುವುದಿಲ್ಲ. ಎಫ್‌ಎಂ ಸ್ಟೀರಿಯೊ ಪ್ರಸಾರದಲ್ಲಿ ಎಡ-ಬಲಗಳ ಮೊತ್ತ ಒಂದು ಕಡೆ, ವ್ಯತ್ಯಾಸ ಇನ್ನೊಂದು ಕಡೆ ಹೋಗುತ್ತದೆ. ಹಳೆಯ ಮೊನೊ ರೇಡಿಯೊಗೆ ಸಿಗುವುದು ಮೊತ್ತ ಮಾತ್ರ. ಮೊತ್ತವೇ ಸೊನ್ನೆಯಾದರೆ ಆ ರೇಡಿಯೊದಲ್ಲಿ ಮೌನ.

ಅಸಲಿ ಅಪರಾಧಿ: ಒಂದೇ ರೀತಿ ಕಾಣುವ ಪಿನ್

ಮಿಕ್ಸರ್‌ನಲ್ಲಿ ಯಾರೂ ಬೇಕೆಂದು ಬಲ ಚಾನೆಲನ್ನು ತಲೆಕೆಳಗು ಮಾಡಿರುವುದಿಲ್ಲ. ಹೆಡ್‌ಫೋನ್ ಪಿನ್ ನೋಡಿ. ಲೋಹದ ಭಾಗದಲ್ಲಿ ಎರಡು ಕಪ್ಪು ಪಟ್ಟಿಗಳಿದ್ದು, ಅದು ಮೂರು ತುಂಡುಗಳಾಗಿ ಕಾಣುತ್ತದೆ. ತುದಿಯಲ್ಲಿರುವುದು ಟಿಪ್, ನಡುವಿನದು ರಿಂಗ್, ಬುಡದ್ದು ಸ್ಲೀವ್. ಹೆಡ್‌ಫೋನ್‌ಗಾದರೆ ಟಿಪ್ ಎಡ, ರಿಂಗ್ ಬಲ, ಸ್ಲೀವ್ ಗ್ರೌಂಡ್.

ಮಿಕ್ಸರ್‌ನ ಮೇನ್ ಔಟ್ ಅಥವಾ ಆಕ್ಸ್ ಔಟ್‌ನಲ್ಲೂ ಅಂಥದ್ದೇ ಮೂರು ತುಂಡಿನ ದಪ್ಪ ಪಿನ್ ಕೂರುತ್ತದೆ. ಆದರೆ ಅಲ್ಲಿ ಎಡ-ಬಲ ಇಲ್ಲ. ಬ್ಯಾಲೆನ್ಸ್ಡ್ ಔಟ್‌ಪುಟ್ ಎಂದು ಕರೆಯುವ ಆ ಜೋಡಣೆಯಲ್ಲಿ ಟಿಪ್‌ನಲ್ಲಿ ಧ್ವನಿ ಹೋಗುತ್ತದೆ, ರಿಂಗ್‌ನಲ್ಲಿ ಅದೇ ಧ್ವನಿ ತಲೆಕೆಳಗಾಗಿ ಹೋಗುತ್ತದೆ. ಇದನ್ನು ಬೇಕೆಂದೇ ಮಾಡಿರುವುದು. ಉದ್ದದ ಕೇಬಲ್ ಹಾಲ್‌ನ ಲೈಟ್ ವೈರ್‌ಗಳ ಪಕ್ಕದಲ್ಲಿ ಹಾದುಹೋಗುವಾಗ ಹಮ್ ಎಂಬ ಗುಂಯ್‌ಗುಡುವ ಸದ್ದು ಎರಡೂ ತಂತಿಗಳಿಗೆ ಒಂದೇ ರೀತಿ ಅಂಟಿಕೊಳ್ಳುತ್ತದೆ. ಇನ್ನೊಂದು ತುದಿಯ ಆಂಪ್ಲಿಫೈಯರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಆಗ ಎರಡರಲ್ಲೂ ಸಮನಾಗಿರುವ ಹಮ್ ಹೋಗಿ, ಎದುರುಬದುರಾಗಿರುವ ಮಾತು ದುಪ್ಪಟ್ಟಾಗುತ್ತದೆ. ಜಾಣ ಉಪಾಯವೇ ಸರಿ.

ಆ ಕೇಬಲ್‌ನ ಇನ್ನೊಂದು ತುದಿ ಆಂಪ್ಲಿಫೈಯರ್ ಬದಲು ಕ್ಯಾಮೆರಾದ 3.5 ಎಂಎಂ ಮೈಕ್ ಸಾಕೆಟ್‌ಗೆ ಹೋದಾಗ ಎಡವಟ್ಟಾಗುತ್ತದೆ. ಕ್ಯಾಮೆರಾ ಆ ಪಿನ್ನನ್ನು ಸ್ಟೀರಿಯೊ ಎಂದೇ ಓದುತ್ತದೆ. ಟಿಪ್ ಎಡ ಚಾನೆಲ್ ಆಗುತ್ತದೆ, ತಲೆಕೆಳಗಾದ ರಿಂಗ್ ಬಲ ಚಾನೆಲ್ ಆಗುತ್ತದೆ. ಕ್ಯಾಮೆರಾದ ಮೀಟರ್‌ನಲ್ಲಿ ಎರಡೂ ಪಟ್ಟಿಗಳು ಸಮನಾಗಿ ಕುಣಿಯುತ್ತವೆ. ರೆಕಾರ್ಡ್ ಮಾಡುವವರಿಗೆ ಸಮಾಧಾನ.

ಕೆಲವು ಕಡಿಮೆ ಬೆಲೆಯ ಮಿಕ್ಸರ್‌ಗಳಲ್ಲಿ ರಿಂಗ್‌ಗೆ ಧ್ವನಿಯನ್ನೇ ಕೊಟ್ಟಿರುವುದಿಲ್ಲ, ಹಮ್ ತಡೆಯಲು ಬೇಕಾದ ರೆಸಿಸ್ಟರ್ ಮಾತ್ರ ಇರುತ್ತದೆ. ಅಂಥ ಕಡೆ ಬಲ ಚಾನೆಲ್ ಖಾಲಿ ಬರುತ್ತದೆ. ಇದು ತಕ್ಷಣ ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಅಪಾಯ ಕಡಿಮೆ.

ಲೈವ್ ಸ್ಟ್ರೀಮ್ ಮಾಡುವವರು ಒಂದು ಮಾತು ನೆನಪಿಡಬೇಕು. ಒಂದೇ ಕಡೆ ಧ್ವನಿ ಬರುತ್ತಿದೆ ಎಂದು ಯಾರೋ ಹೇಳಿದಾಗ OBS ತಂತ್ರಾಂಶದ Advanced Audio Properties ವಿಂಡೊದಲ್ಲಿ Mono ಎಂಬಲ್ಲಿ ಟಿಕ್ ಹಾಕುವುದು ರೂಢಿ. ಬಲ ಚಾನೆಲ್ ಖಾಲಿ ಇದ್ದಾಗ ಅದು ಸರಿಯಾದ ಮದ್ದು. ಬಲ ಚಾನೆಲ್ ತಲೆಕೆಳಗಾಗಿದ್ದಾಗ ಅದೇ ಟಿಕ್ ಎಲ್ಲರಿಗೂ ಧ್ವನಿ ನಿಲ್ಲಿಸಿಬಿಡುತ್ತದೆ.

ಎರಡು ನಿಮಿಷದ ಪರೀಕ್ಷೆ

ಸುಲಭದ ಪರೀಕ್ಷೆ ಫೋನ್‌ನಲ್ಲೇ ಇದೆ. ಐಫೋನ್‌ನಲ್ಲಿ Settings, ಅಲ್ಲಿಂದ Accessibility, ಅಲ್ಲಿಂದ Audio & Visual ಒಳಗೆ Mono Audio ಎಂಬ ಸ್ವಿಚ್ ಇದೆ. ಆಂಡ್ರಾಯ್ಡ್ ಫೋನ್‌ಗಳಲ್ಲೂ Accessibility ವಿಭಾಗದಲ್ಲಿ Mono audio ಇರುತ್ತದೆ. ಒಂದು ಕಿವಿ ಕೇಳದವರಿಗೆ ಅನುಕೂಲವಾಗಲೆಂದು ಕೊಟ್ಟಿರುವ ಸೌಲಭ್ಯ ಇದು. ಹೆಡ್‌ಫೋನ್ ಹಾಕಿ, ರೆಕಾರ್ಡಿಂಗ್ ನುಡಿಸುತ್ತಾ ಸ್ವಿಚ್ ಆನ್-ಆಫ್ ಮಾಡಿ ನೋಡಿ. ಆನ್ ಮಾಡಿದಾಗ ಮಾತು ಹಾಗೇ ಇದ್ದರೆ ನಿಶ್ಚಿಂತೆ. ಮಾತು ಸತ್ತು, ದೂರದಲ್ಲಿ ಸಣ್ಣಗೆ ಪಿಸುಗುಟ್ಟಿದಂತೆ ಕೇಳಿಸಿದರೆ ಚಾನೆಲ್ ತಲೆಕೆಳಗಾಗಿದೆ ಎಂದರ್ಥ.

ಪೂರ್ತಿ ಮೌನದ ಬದಲು ಪಿಸುಮಾತು ಉಳಿಯುವುದು ಯಾಕೆಂದರೆ ಎರಡು ಚಾನೆಲ್‌ಗಳ ಮಟ್ಟ ನೂರಕ್ಕೆ ನೂರು ಸಮನಾಗಿರುವುದು ಅಪರೂಪ. ಬಲಗಡೆ ಎಡದ ಶೇಕಡಾ 90ರಷ್ಟು ಮಾತ್ರ ಇದೆ ಎಂದುಕೊಳ್ಳಿ. ಆಗ ಕೂಡಿಸಿ ಭಾಗಿಸಿದಾಗ ಮೂಲದ ಇಪ್ಪತ್ತನೇ ಒಂದು ಭಾಗ, ಅಂದರೆ 26 ಡೆಸಿಬಲ್ ಕೆಳಗಿನ ಧ್ವನಿ ಉಳಿಯುತ್ತದೆ. ಇದನ್ನು ಕೇಳಿದವರು "ವಾಲ್ಯೂಮ್ ಕಡಿಮೆ ಇದೆ" ಎಂದು ದೂರುತ್ತಾರೆ. ಎಡಿಟ್ ಮಾಡುವವರು ವಾಲ್ಯೂಮ್ ಏರಿಸುತ್ತಾರೆ. ಹೆಡ್‌ಫೋನ್‌ನಲ್ಲಿ ಕಿವಿ ಒಡೆಯುವಷ್ಟಾಗುತ್ತದೆ, ಫೋನ್‌ನಲ್ಲಿ ಮಾತ್ರ ಅದೇ ಪಿಸುಮಾತು.

ಅಂಕಿ ಬೇಕೆನ್ನುವವರು ಉಚಿತವಾಗಿ ಸಿಗುವ ffmpeg ಬಳಸಬಹುದು. ಮೊದಲ ಕಮಾಂಡ್ ಎಡ ಚಾನೆಲ್‌ನ ಸರಾಸರಿ ಮಟ್ಟ ಅಳೆಯುತ್ತದೆ, ಎರಡನೆಯದು ಎರಡೂ ಚಾನೆಲ್ ಕೂಡಿಸಿದ ಮೇಲಿನ ಮಟ್ಟವನ್ನು.

```
ffmpeg -i bhashana.wav -af "pan=mono|c0=c0,volumedetect" -f null -
ffmpeg -i bhashana.wav -af "pan=mono|c0=0.5*c0+0.5*c1,volumedetect" -f null -
```

ಎರಡೂ ಸಲ mean_volume ಎಂಬ ಸಾಲಿನಲ್ಲಿ ಬರುವ ಸಂಖ್ಯೆಯನ್ನು ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಎಡ-ಬಲಗಳಲ್ಲಿ ಇರುವುದು ಒಂದೇ ಮಾತು, ಧೈರ್ಯವಾಗಿ ಕೂಡಿಸಬಹುದು. ಎರಡನೆಯದು 6 ಡೆಸಿಬಲ್ ಕೆಳಗೆ ಬಂದರೆ ಬಲ ಚಾನೆಲ್ ಖಾಲಿ. ಉದಾಹರಣೆಗೆ ಎಡ ಚಾನೆಲ್ -21 ಡೆಸಿಬಲ್ ಇದ್ದು, ಕೂಡಿಸಿದ್ದು -47ಕ್ಕೆ ಇಳಿದರೆ ಮೇಲೆ ಹೇಳಿದ 26 ಡೆಸಿಬಲ್ ನಷ್ಟ ಅದೇ. ಫೈಲ್ ತಲೆಕೆಳಗಾಗಿದೆ ಎಂಬುದರಲ್ಲಿ ಅನುಮಾನ ಬೇಡ.

ಕಳೆದುಹೋದ ಭಾಷಣ ವಾಪಸ್ ತರುವುದು

ದಾರಿ ಎರಡಿವೆ. ಮೊದಲನೆಯದು ಬಲ ಚಾನೆಲನ್ನು ಎಸೆದು ಎಡವನ್ನು ಮಾತ್ರ ಮೊನೊ ಮಾಡಿ ಉಳಿಸಿಕೊಳ್ಳುವುದು. ಯಾವುದು ಯಾಕೆ ಹೀಗಾಗಿದೆ ಎಂದು ಖಚಿತವಿಲ್ಲದಾಗ ಇದೇ ಕ್ಷೇಮ. ಕೂಡಿಸುವ ಕೆಲಸವೇ ಇಲ್ಲದಿದ್ದರೆ ಹೊಡೆದುಕೊಳ್ಳಲು ಎರಡನೇ ಧ್ವನಿಯೇ ಇರುವುದಿಲ್ಲ.

```
ffmpeg -i bhashana.wav -af "pan=mono|c0=c0" mono.wav
```

ಎರಡನೆಯದು ಕೂಡಿಸುವ ಬದಲು ಕಳೆಯುವುದು. ಎಡದಿಂದ ಬಲವನ್ನು ಕಳೆದರೆ ಮೈನಸ್‌ನ ಮೈನಸ್ ಪ್ಲಸ್ ಆಗುತ್ತದೆ, ಎರಡೂ ಚಾನೆಲ್‌ನ ಮಾತು ಒಂದಾಗುತ್ತದೆ.

```
ffmpeg -i bhashana.wav -af "pan=mono|c0=0.5*c0-0.5*c1" mono.wav
```

ಬ್ಯಾಲೆನ್ಸ್ಡ್ ಕೇಬಲ್‌ನಿಂದ ಬಂದ ರೆಕಾರ್ಡಿಂಗ್‌ಗೆ ಈ ಎರಡನೇ ದಾರಿಯೇ ಉತ್ತಮ. ಆ ದಿನ ಆಂಪ್ಲಿಫೈಯರ್ ಮಾಡಬೇಕಿದ್ದ ಕಳೆಯುವ ಕೆಲಸವನ್ನು ನೀವು ಈಗ ಮಾಡುತ್ತಿದ್ದೀರಿ. ಹಾಗಾಗಿ ಕೇಬಲ್‌ಗೆ ಅಂಟಿಕೊಂಡಿದ್ದ ಹಮ್ ಕೂಡ ಬಹಳಷ್ಟು ಕಡಿಮೆಯಾಗುತ್ತದೆ. ಮೇಲಿನ ಶೇಕಡಾ 90ರ ಉದಾಹರಣೆಯಲ್ಲಿ ಮಾತಿನ ಮಟ್ಟ ಅರ್ಧ ಡೆಸಿಬಲ್ ಕೂಡ ಇಳಿಯುವುದಿಲ್ಲ.

ಕಮಾಂಡ್ ಟೈಪ್ ಮಾಡುವುದು ಬೇಡ ಎನ್ನುವವರು Audacity ತೆರೆಯಬಹುದು. ಟ್ರ್ಯಾಕ್‌ನ ಹೆಸರಿನ ಪಕ್ಕದ ಮೆನುವಿನಲ್ಲಿ Split Stereo to Mono ಆಯ್ಕೆ ಮಾಡಿದರೆ ಎಡ ಮತ್ತು ಬಲ ಬೇರೆ ಬೇರೆ ಸಾಲುಗಳಾಗುತ್ತವೆ. ಮಾತು ಶುರುವಾಗುವ ಜಾಗವನ್ನು ಹಿಗ್ಗಿಸಿ ನೋಡಿ. ಮೇಲಿನ ಸಾಲಿನಲ್ಲಿ ಗುಡ್ಡ ಇದ್ದಲ್ಲಿ ಕೆಳಗಿನ ಸಾಲಿನಲ್ಲಿ ಹಳ್ಳ ಇದ್ದರೆ, ಕನ್ನಡಿ ಇಟ್ಟಂತೆ ಕಂಡರೆ, ರೋಗ ಸಿಕ್ಕಿತು. ಕೆಳಗಿನ ಸಾಲನ್ನು ಮಾತ್ರ ಆಯ್ದು Effect ಮೆನುವಿನಿಂದ Invert ಕೊಡಿ. ಆಮೇಲೆ ಎರಡೂ ಸಾಲುಗಳನ್ನು ಸುಮಾರು 6 ಡೆಸಿಬಲ್ ತಗ್ಗಿಸಿ Mix and Render ಕೊಡಿ. ತಗ್ಗಿಸುವುದನ್ನು ಮರೆತರೆ ಎರಡು ಧ್ವನಿಗಳು ಸೇರಿ ದುಪ್ಪಟ್ಟಾಗಿ, ಜೋರಾಗಿ ಮಾತನಾಡಿದ ಕಡೆ ಧ್ವನಿ ಒಡೆಯಬಹುದು.

ಒಂದು ಮಿತಿಯೂ ಇದೆ. ಈ ಚಿಕಿತ್ಸೆಗೆ ಸ್ಟೀರಿಯೊ ಮೂಲ ಫೈಲ್ ಬೇಕು. ಎಡಿಟ್ ಮಾಡುವಾಗಲೇ ತಪ್ಪಾಗಿ ಮೊನೊ ಮಾಡಿ ಉಳಿಸಿದ್ದರೆ ಆ ಫೈಲ್‌ನಲ್ಲಿ ಉಳಿದಿರುವುದು ಪಿಸುಮಾತು ಮಾತ್ರ, ಅದರಿಂದ ಭಾಷಣವನ್ನು ಹೊರತೆಗೆಯಲು ಆಗದು. ಹಾಗಾಗಿ ಯಾರಾದರೂ ಧ್ವನಿ ಇಲ್ಲ ಎಂದು ಹೇಳಿದ ಕೂಡಲೇ ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ತಾಳಮದ್ದಳೆಯ ಮೈಕ್‌ಗಳು: ಇದು ಬೇರೆ ರೋಗ

ಎಲ್ಲ ತಪ್ಪುಗಳೂ ಪಿನ್‌ನಿಂದ ಬರುವುದಿಲ್ಲ. ಮುಂಬೈ ಉಪನಗರಗಳ ಕರಾವಳಿ ಕನ್ನಡಿಗರಿಗೆ ತಾಳಮದ್ದಳೆ ಚಿರಪರಿಚಿತ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕುಳಿತು ಮಾತಿನಲ್ಲೇ ಪ್ರಸಂಗ ಕಟ್ಟುತ್ತಾರೆ. ಹಿಮ್ಮೇಳ ಬಿಟ್ಟರೆ ಎಲ್ಲವೂ ಮಾತು. ಅರ್ಥಧಾರಿಗಳ ಮುಂದೆ ಒಂದೊಂದು ಮೈಕ್ ಇಟ್ಟು ಎಲ್ಲವನ್ನೂ ಆನ್ ಮಾಡಿಟ್ಟರೆ ಒಬ್ಬರ ಮಾತು ಪಕ್ಕದ ಮೈಕ್‌ಗೂ ಹೋಗುತ್ತದೆ, ಆದರೆ ಸ್ವಲ್ಪ ತಡವಾಗಿ.

ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಒಂದು ಮಿಲಿಸೆಕೆಂಡ್‌ಗೆ 34 ಸೆಂಟಿಮೀಟರ್. ಭಾಷಣಕಾರರ ಅಂಗಿಗೆ ಸಿಕ್ಕಿಸಿದ ಕಾಲರ್ ಮೈಕ್ ಬಾಯಿಂದ 20 ಸೆಂಟಿಮೀಟರ್ ದೂರ, ಪೋಡಿಯಂ ಮೈಕ್ 54 ಸೆಂಟಿಮೀಟರ್ ದೂರ ಇದೆ ಎಂದುಕೊಳ್ಳಿ. ಎರಡನೇ ಮೈಕ್‌ಗೆ ಮಾತು ಸರಿಯಾಗಿ ಒಂದು ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಕೂಡಿಸಿದಾಗ ಪೂರ್ತಿ ಮಾತು ಸಾಯುವುದಿಲ್ಲ. ಆ ಒಂದು ಮಿಲಿಸೆಕೆಂಡ್‌ನಲ್ಲಿ ಅರ್ಧ ಸುತ್ತು ಮುಗಿಸುವ 500 ಹರ್ಟ್ಸ್‌ನ ಸ್ವರ ಎರಡನೇ ಮೈಕ್‌ನಲ್ಲಿ ಎದುರುಬದುರಾಗಿ ಬಂದು ಕುಗ್ಗುತ್ತದೆ. ಹಾಗೆಯೇ 1500, 2500 ಹರ್ಟ್ಸ್‌ನಲ್ಲೂ ಕುಗ್ಗುತ್ತದೆ. ನಡುವೆ 1000, 2000 ಹರ್ಟ್ಸ್‌ನಲ್ಲಿ ಹಿಗ್ಗುತ್ತದೆ. ಗ್ರಾಫ್‌ನಲ್ಲಿ ನೋಡಿದರೆ ಬಾಚಣಿಗೆಯ ಹಲ್ಲಿನಂತೆ ಕಾಣುವುದರಿಂದ ಇದಕ್ಕೆ ಕೋಂಬ್ ಫಿಲ್ಟರಿಂಗ್ ಎಂಬ ಹೆಸರು. ಕಿವಿಗೆ ಇದು ಡಬ್ಬದೊಳಗೆ ತಲೆ ಹಾಕಿ ಮಾತನಾಡಿದಂತೆ ಕೇಳಿಸುತ್ತದೆ. ಮಾತನಾಡುವವರು ತಲೆ ಅಲ್ಲಾಡಿಸಿದಾಗ ದೂರ ಬದಲಾಗಿ ಡಬ್ಬದ ಗುಣವೂ ಬದಲಾಗುತ್ತಾ ಹೋಗುತ್ತದೆ.

ಇಲ್ಲಿ ರಕ್ಷಣೆಗೆ ಬರುವುದು ದೂರ. 54 ಸೆಂಟಿಮೀಟರ್ ಆಚೆಯ ಮೈಕ್‌ಗೆ ಮಾತು ಸುಮಾರು 8.6 ಡೆಸಿಬಲ್ ಕಡಿಮೆಯಾಗಿ ಮುಟ್ಟುತ್ತದೆ. ಅಷ್ಟು ಕ್ಷೀಣವಾದ ಧ್ವನಿ ಹತ್ತಿರದ ಮೈಕ್‌ನ ಧ್ವನಿಯನ್ನು ಸುಮಾರು 4 ಡೆಸಿಬಲ್ ಮಾತ್ರ ತಗ್ಗಿಸಬಲ್ಲದು. ಆದರೆ ಮೈಕ್ ಸೆಟ್‌ನವರು ಪೋಡಿಯಂ ಮೈಕ್ ಸಣ್ಣದಾಗಿದೆ ಎಂದು ಅದರ ಫೇಡರ್ ಏರಿಸಿ ಎರಡನ್ನೂ ಸಮ ಮಾಡಿಬಿಟ್ಟರೆ ಆ ರಕ್ಷಣೆ ಹೋಯಿತು, ಹಲ್ಲುಗಳು ಆಳವಾಗುತ್ತವೆ. ರೆಕಾರ್ಡರ್‌ನ ಆಟೊ ಗೇನ್ ಎರಡು ಚಾನೆಲ್‌ಗಳನ್ನು ಪ್ರತ್ಯೇಕವಾಗಿ ಏರಿಸಿದರೂ ಇದೇ ಆಗುತ್ತದೆ. ಹಾಗಾಗಿಯೇ ಅನುಭವಿಗಳು ಮೂರಕ್ಕೊಂದರ ಲೆಕ್ಕ ಇಟ್ಟುಕೊಳ್ಳುತ್ತಾರೆ. ಬಾಯಿಂದ ತನ್ನ ಮೈಕ್ ಎಷ್ಟು ದೂರವೋ ಅದರ ಮೂರು ಪಟ್ಟಾದರೂ ದೂರದಲ್ಲಿ ಪಕ್ಕದ ಮೈಕ್ ಇರಬೇಕು. ಅರ್ಥಧಾರಿ ತನ್ನ ಮೈಕ್‌ಗೆ 15 ಸೆಂಟಿಮೀಟರ್ ಹತ್ತಿರ ಕುಳಿತಿದ್ದರೆ ಪಕ್ಕದ ಮೈಕ್ ಅರ್ಧ ಮೀಟರ್ ಆಚೆ ಇದ್ದರೆ ಸಾಕು. ಹಿಂದೆ ಒರಗಿ 40 ಸೆಂಟಿಮೀಟರ್ ಆದರೆ ಅದು ಸಾಲದು, ಒಂದು ಮೀಟರಿಗಿಂತ ಹೆಚ್ಚು ಬೇಕು.

ಈ ರೋಗಕ್ಕೆ Invert ಮದ್ದಲ್ಲ. ತಲೆಕೆಳಗು ಮಾಡಿದರೆ 500ರಲ್ಲಿದ್ದ ಹಳ್ಳ 1000ಕ್ಕೆ ಸರಿಯುತ್ತದೆ ಅಷ್ಟೇ, ಜೊತೆಗೆ ಮಾತಿನ ಗಾತ್ರವೂ ತೆಳ್ಳಗಾಗುತ್ತದೆ. ತಡವಾದ ಟ್ರ್ಯಾಕನ್ನು ಒಂದು ಮಿಲಿಸೆಕೆಂಡ್, ಅಂದರೆ 48 ಕಿಲೊಹರ್ಟ್ಸ್ ಫೈಲ್‌ನಲ್ಲಿ 48 ಸ್ಯಾಂಪಲ್ ಹಿಂದಕ್ಕೆ ಎಳೆದರೆ ಹೊಂದುತ್ತದೆ. ಆದರೆ ಅದು ಭಾಷಣಕಾರರು ವಿಗ್ರಹದಂತೆ ನಿಂತಿದ್ದರೆ ಮಾತ್ರ. ನಿಜವಾದ ಪರಿಹಾರ ಒಬ್ಬರ ಮಾತಿಗೆ ಒಂದೇ ಮೈಕ್ ಉಳಿಸಿಕೊಳ್ಳುವುದು. ಕಾಲರ್ ಮೈಕ್ ಎಡ ಚಾನೆಲ್‌ನಲ್ಲಿ, ಪೋಡಿಯಂ ಮೈಕ್ ಬಲ ಚಾನೆಲ್‌ನಲ್ಲಿ ಇದ್ದರೆ ಎರಡನ್ನೂ ಕೂಡಿಸಬೇಡಿ. ಕೇಳಿ ನೋಡಿ, ಚೆನ್ನಾಗಿರುವುದನ್ನು ಇಟ್ಟುಕೊಳ್ಳಿ. ತಾಳಮದ್ದಳೆಯಲ್ಲಾದರೆ ಮಾತನಾಡುತ್ತಿರುವವರ ಫೇಡರ್ ಮೇಲಿರಲಿ, ಉಳಿದವರದ್ದು ಪೂರ್ತಿ ಮುಚ್ಚದಿದ್ದರೂ ಹತ್ತು ಹನ್ನೆರಡು ಡೆಸಿಬಲ್ ಕೆಳಗಿರಲಿ. ವಾಗ್ವಾದ ಬಿಸಿಯೇರಿದಾಗ ಬೆರಳು ಚುರುಕಾಗಿರಬೇಕಾಗುತ್ತದೆ.

ಹಾಗಾದರೆ ಸ್ಟೀರಿಯೊ ಬೇಡವೇ?

ಹಿಮ್ಮೇಳಕ್ಕೆ ಬೇಕು. ಭಾಗವತರ ಪದ, ಮದ್ದಳೆ, ಚೆಂಡೆ ಸ್ಟೀರಿಯೊದಲ್ಲಿ ಕೇಳುವುದೇ ಸೊಗಸು. ಚಪ್ಪಾಳೆ, ಸಭೆಯ ವಾತಾವರಣಕ್ಕೂ ಅದು ಚೆಂದ. ಅದಕ್ಕೆ ಎರಡು ಮೈಕ್‌ಗಳ ತಲೆಗಳನ್ನು ಒಂದರ ಮೇಲೊಂದು ಬರುವಂತೆ ಇಟ್ಟು, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತಿರುಗಿಸುವ ಎಕ್ಸ್‌ವೈ ಜೋಡಣೆ ಕ್ಷೇಮ. ಎರಡೂ ತಲೆಗಳು ಒಂದೇ ಜಾಗದಲ್ಲಿರುವುದರಿಂದ ತಡವಾಗುವ ಪ್ರಶ್ನೆಯೇ ಇಲ್ಲ, ಫೋನ್ ಅದನ್ನು ಕೂಡಿಸಿದರೂ ಹಾನಿಯಿಲ್ಲ. ವೇದಿಕೆಯ ಎರಡು ತುದಿಗಳಲ್ಲಿ ಎರಡು ಮೈಕ್ ಇಡುವ ಪದ್ಧತಿ ಹೆಡ್‌ಫೋನ್‌ಗೆ ವಿಶಾಲವಾಗಿ ಕೇಳಿಸುತ್ತದೆ, ಆದರೆ ಮೊನೊದಲ್ಲಿ ಬಾಚಣಿಗೆ ಹಲ್ಲು ಬಿಡುತ್ತದೆ. ಒಟ್ಟು ವಿಡಿಯೊ ಸ್ಟೀರಿಯೊ ಇರಲಿ. ಅದರೊಳಗೆ ಮಾತಿನ ಟ್ರ್ಯಾಕ್ ಮೊನೊ ಆಗಿ ನಡುಮಧ್ಯೆ ಕೂರಲಿ.

ಮುಂದಿನ ಕಾರ್ಯಕ್ರಮಕ್ಕೆ ಯಾವ ಕೇಬಲ್?

ಮಿಕ್ಸರ್‌ನಲ್ಲಿ Rec Out ಅಥವಾ Tape Out ಎಂದು ಬರೆದ, ಕೆಂಪು-ಬಿಳಿ ಆರ್‌ಸಿಎ ಸಾಕೆಟ್‌ಗಳಿದ್ದರೆ ಅಲ್ಲಿಂದಲೇ ತೆಗೆದುಕೊಳ್ಳಿ. ಅವು ಬ್ಯಾಲೆನ್ಸ್ಡ್ ಅಲ್ಲ, ತಲೆಕೆಳಗಾದ ತಂತಿ ಅಲ್ಲಿಲ್ಲ. ಅದು ಇಲ್ಲದಿದ್ದರೆ ಮಿಕ್ಸರ್ ಕಡೆಯ ಪಿನ್‌ನ ಟಿಪ್ ಮಾತ್ರ ಕ್ಯಾಮೆರಾ ಕಡೆಯ ಟಿಪ್ ಮತ್ತು ರಿಂಗ್ ಎರಡಕ್ಕೂ ಹೋಗುವಂತೆ, ಮಿಕ್ಸರ್ ಕಡೆಯ ರಿಂಗನ್ನು ಯಾವುದಕ್ಕೂ ಸೇರಿಸದೆ ಹಾಗೇ ಬಿಟ್ಟು ಕೇಬಲ್ ಬೆಸೆಸಿಕೊಳ್ಳಬೇಕು. ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಬರೀ "ದಪ್ಪ ಪಿನ್‌ನಿಂದ ಸಣ್ಣ ಪಿನ್" ಎಂದು ಕೇಳಿದರೆ ಎರಡೂ ಕಡೆ ಮೂರು ತುಂಡಿನ ಮಾಮೂಲಿ ಸ್ಟೀರಿಯೊ ಕೇಬಲ್ ಕೈಗೆ ಬರಬಹುದು, ಮತ್ತೆ ಅದೇ ಕಥೆ. ಹೇಗೆ ಬೆಸೆಯಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಿಕ್ಸರ್‌ನ ಲೈನ್ ಮಟ್ಟದ ಧ್ವನಿ ಕ್ಯಾಮೆರಾದ ಮೈಕ್ ಸಾಕೆಟ್‌ಗೆ ಬಹಳ ಜೋರಾಗುತ್ತದೆ. ಆದ್ದರಿಂದ ಮಟ್ಟ ತಗ್ಗಿಸುವ ಅಟೆನ್ಯುಯೇಟರ್ ಅದರಲ್ಲೇ ಸೇರಿಸಿಕೊಂಡರೆ ಒಳ್ಳೆಯದು.

ಮೈಕ್‌ನ ಎಕ್ಸ್‌ಎಲ್‌ಆರ್ ಕೇಬಲ್ ರಿಪೇರಿ ಮಾಡಿಸಿದ್ದರೆ ಅದನ್ನೂ ಒಮ್ಮೆ ನೋಡಬೇಕು. 2 ಮತ್ತು 3ನೇ ಪಿನ್ ಅದಲುಬದಲಾಗಿ ಬೆಸೆದಿದ್ದರೆ ಆ ಮೈಕ್ ಒಂಟಿಯಾಗಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಇನ್ನೊಂದು ಮೈಕ್ ಜೊತೆ ಆನ್ ಮಾಡಿದಾಗ ಮಾತ್ರ ಕಾಟ ಕೊಡುತ್ತದೆ. ಎರಡು ಮೈಕ್‌ಗಳನ್ನು ಒಂದೇ ಕೈಯಲ್ಲಿ ಜೊತೆಯಾಗಿ ಹಿಡಿದು, ಎರಡರ ಫೇಡರ್ ಸಮ ಮಾಡಿ "ಹಲೋ" ಎನ್ನಿ. ಎರಡನೆಯದನ್ನು ಆನ್ ಮಾಡಿದಾಗ ಧ್ವನಿ ದಪ್ಪವಾದರೆ ಸರಿ. ಬಡಕಲಾದರೆ ಒಂದು ಕೇಬಲ್ ತಿರುಗಿದೆ. ಮಿಕ್ಸರ್‌ನಲ್ಲಿ Ø ಗುರುತಿನ ಬಟನ್ ಇದ್ದರೆ ಆ ದಿನದ ಮಟ್ಟಿಗೆ ಒಂದು ಚಾನೆಲ್‌ನಲ್ಲಿ ಅದನ್ನು ಒತ್ತಿ ಕೆಲಸ ಸಾಗಿಸಬಹುದು.

ಸಭೆ ಶುರುವಾಗುವ ಮುಂಚೆ ಯಾರಾದರೂ "ಮೈಕ್ ಟೆಸ್ಟಿಂಗ್" ಎಂದು ಹೇಳಿಯೇ ಹೇಳುತ್ತಾರೆ. ಆ ಅರ್ಧ ನಿಮಿಷವನ್ನು ರೆಕಾರ್ಡ್ ಮಾಡಿ, ಫೋನ್‌ಗೆ ಹಾಕಿ, ಹೆಡ್‌ಫೋನ್ ಕಿತ್ತು ಒಂಟಿ ಸ್ಪೀಕರ್‌ನಲ್ಲಿ ಕೇಳಿ ನೋಡಿ. ಎರಡು ಸ್ಪೀಕರ್ ಇರುವ ಫೋನ್ ಆದರೆ Mono audio ಸ್ವಿಚ್ ಆನ್ ಮಾಡಿಯೇ ಕೇಳಬೇಕು, ಇಲ್ಲದಿದ್ದರೆ ಪರೀಕ್ಷೆ ಪಾಸಾದಂತೆ ಕಾಣುತ್ತದೆ.